ಹೆಸರಿನ ಬಾಲಂಗೋಚಿ ನೋಡಿ ಕಂಪನಿಯ ದೇಶ ಹೇಳಬಹುದೆ?

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ರಿಪೇರಿಗೆ ಬರುವ ಮೋಟರುಗಳ ಮೇಲೆ ‘ಎಬಿಬಿ’ ಎಂಬ ಹೆಸರು ಆಗಾಗ ಕಾಣುತ್ತದೆ. ಆದರೆ ಹೆಸರಿನ ಕೊನೆಯ ಅಕ್ಷರಗಳು ಒಂದೊಂದರಲ್ಲಿ ಒಂದೊಂದು ತರಹ. ಒಂದು ತಗಡಿನ ಮೇಲೆ ‘ಓವೈ’, ಇನ್ನೊಂದರ ಮೇಲೆ ‘ಎಬಿ’, ಕ್ಯಾಟಲಾಗಿನಲ್ಲಿ ‘ಎಜಿ’, ಬಿಲ್ಲಿನಲ್ಲಿ ‘ಇಂಡಿಯಾ ಲಿಮಿಟೆಡ್’. ಲಿಮಿಟೆಡ್ ಇದ್ದರೆ ಇಂಗ್ಲೆಂಡ್, ಇನ್‌ಕಾರ್ಪೊರೇಟೆಡ್ ಇದ್ದರೆ ಅಮೆರಿಕ, ಎಜಿ ಇದ್ದರೆ ಜರ್ಮನಿ ಎಂದು ನನ್ನ ಮಗ ಹೇಳುತ್ತಾನೆ. ಹೀಗೆ ಬಾಲಂಗೋಚಿ ನೋಡಿಯೇ ಕಂಪನಿ ಯಾವ ದೇಶದ್ದು ಎಂದು ಹೇಳಲು ಬರುತ್ತದೆಯೆ?

ಉತ್ತರ: ಬರುತ್ತದೆ, ಆದರೆ ನಿಮ್ಮ ಮಗ ಹೆಸರಿಸಿದ ಮೂರರಲ್ಲಿ ಬರುವುದಿಲ್ಲ. ಜನಕ್ಕೆ ಹೆಚ್ಚು ಪರಿಚಯ ಇರುವ ಬಾಲಂಗೋಚಿಗಳೇ ದೇಶದ ವಿಷಯದಲ್ಲಿ ಅತಿ ಕಡಿಮೆ ಹೇಳುತ್ತವೆ. ಯಾರೂ ಕೇಳಿರದ ‘ಓವೈ’ಯಂಥವು ನೇರವಾಗಿ ಊರು ತೋರಿಸಿಬಿಡುತ್ತವೆ. ಇದನ್ನು ವಿವರಿಸಲು ನೀವು ಕೇಳಿದ ಎಬಿಬಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ಕಂಪನಿಗಳ ಕುಟುಂಬದಲ್ಲಿ ಎಲ್ಲರ ಹೆಸರೂ ಒಂದೇ. ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು ಕೊನೆಯ ಎರಡು ಮೂರು ಅಕ್ಷರ ಮಾತ್ರ.

ಮೊದಲು ಈ ಅಕ್ಷರಗಳು ಹೆಸರಿನ ಕೊನೆಗೆ ಹೇಗೆ ಬಂದವು ಎನ್ನುವುದನ್ನು ನೋಡೋಣ. ಹಿಂದೆ ನಾಲ್ಕು ಜನ ಸೇರಿ ವ್ಯಾಪಾರ ಮಾಡಿ ಮುಳುಗಿದರೆ ಸಾಲ ಕೊಟ್ಟವನು ಅವರ ಮನೆ, ಹೊಲವನ್ನೂ ಹಿಡಿಯಬಹುದಿತ್ತು. 1855ರಲ್ಲಿ ಬ್ರಿಟಿಷ್ ಸಂಸತ್ತು ಸೀಮಿತ ಹೊಣೆಯ ಕಾಯ್ದೆ ತಂದಿತು. ಅದರಂತೆ ಷೇರುದಾರನು ತಾನು ಹಾಕಿದ, ಹಾಕುವೆನೆಂದು ಒಪ್ಪಿದ ಹಣಕ್ಕಷ್ಟೇ ಹೊಣೆ. ಆದರೆ ಈ ರಕ್ಷಣೆ ಬೇಕಿದ್ದರೆ ಒಂದು ಷರತ್ತು ಇತ್ತು. ಕಂಪನಿಯ ಹೆಸರಿನ ಕೊನೆಯ ಪದ ‘ಲಿಮಿಟೆಡ್’ ಆಗಿರಲೇಬೇಕು. ಅಂದರೆ ಇದು ಸಾಲ ಕೊಡುವವನಿಗೆ, ಸರಕು ಕೊಡುವವನಿಗೆ ಹೇಳುವ ಎಚ್ಚರಿಕೆ: ಇಲ್ಲಿ ಹಣ ಮುಳುಗಿದರೆ ಮಾಲೀಕರ ಮನೆ ಬಾಗಿಲಿಗೆ ಹೋಗುವಂತಿಲ್ಲ. ಭಾರತಕ್ಕೂ ಈ ಸೀಮಿತ ಹೊಣೆ 1857ರ ಕಾಯ್ದೆಯಿಂದ ಬಂತು. ಯುರೋಪಿನ ಉಳಿದ ದೇಶಗಳೂ ತಮ್ಮ ತಮ್ಮ ಭಾಷೆಯಲ್ಲಿ, ತಮ್ಮ ತಮ್ಮ ಕಾಯ್ದೆಯಲ್ಲಿ ಇಂಥದೇ ನಿಯಮ ಮಾಡಿಕೊಂಡವು.

ಹಾಗಾಗಿ ಬಾಲಂಗೋಚಿ ಹೇಳುವುದು ಒಂದೇ ಸಂಗತಿ: ಈ ಕಂಪನಿ ಯಾವ ಬಗೆಯ ಕಾಯ್ದೆಯ ಅಡಿ ಹುಟ್ಟಿದೆ. ವಾಹನದ ನಂಬರ್ ಪ್ಲೇಟಿನ ಮೇಲಿನ ‘ಕೆಎ’ ಅದು ಕರ್ನಾಟಕದಲ್ಲಿ ನೋಂದಣಿ ಆಗಿದೆ ಎಂದು ಹೇಳುತ್ತದೆಯೇ ಹೊರತು ಗಾಡಿ ಎಲ್ಲಿ ತಯಾರಾಯಿತು, ಈಗ ಎಲ್ಲಿ ಓಡುತ್ತಿದೆ, ಅದರ ಸಾಲ ಯಾರ ಹೆಸರಲ್ಲಿದೆ ಎಂದು ಹೇಳುವುದಿಲ್ಲ. ಇದೂ ಅಷ್ಟೆ.

ಈಗ ನಿಮ್ಮ ಮೋಟರುಗಳಿಗೆ ಬರೋಣ. ‘ಎಬಿಬಿ ಓವೈ’ ಎಂದು ಇದ್ದದ್ದು ಫಿನ್‌ಲೆಂಡಿನ ಕಂಪನಿ, ಅನುಮಾನವೇ ಬೇಡ. ‘ಓವೈ’ ಎನ್ನುವುದು ‘ಒಸಾಕೆಯುಹ್‌ಟಿಯೊ’ ಎಂಬ ಫಿನ್ನಿಷ್ ಪದದ ಚುಟುಕು ರೂಪ, ಅರ್ಥ ಷೇರು ಕಂಪನಿ. ಆ ಭಾಷೆಯಲ್ಲಿ ಕಂಪನಿ ಕಾಯ್ದೆ ಬರೆದುಕೊಂಡ ದೇಶ ಜಗತ್ತಿನಲ್ಲಿ ಅದೊಂದೇ. ತಗಡನ್ನು ಒರೆಸಿ ನೋಡಿದರೆ ಪಕ್ಕದಲ್ಲಿ ‘ವಾಸಾ’ ಎಂಬ ಊರಿನ ಹೆಸರೂ ಸಿಗಬಹುದು. ಎಬಿಬಿಯ ಮೋಟರು, ಜನರೇಟರು ತಯಾರಾಗುವ ಫಿನ್‌ಲೆಂಡಿನ ಪಟ್ಟಣ ಅದು. ‘ಎಬಿಬಿ ಎಬಿ’ ಸ್ವೀಡನ್ನಿನದು, ಅದರ ಮುಖ್ಯ ಊರು ವೆಸ್ಟರೋಸ್. ಕೊನೆಯ ‘ಎಬಿ’ ಎಂದರೆ ‘ಆಕ್ಟಿಬೊಲಾಗ್’, ಸ್ವೀಡಿಷ್ ಷೇರು ಕಂಪನಿ. ಹೀಗೆಯೇ ‘ಎಬಿಬಿ ಎಸ್‌ಪಿಎ’ ಇಟಲಿಯದು. ಮಲೇಷ್ಯದ ಎಬಿಬಿಯ ಹೆಸರು ‘ಸೆಂದಿರಿಯಾನ್ ಬರ್ಹಾದ್’ ಎಂದು ಮಲಯ ಭಾಷೆಯಲ್ಲಿ ಮುಗಿಯುತ್ತದೆ. ಅದರ ಚುಟುಕು ರೂಪ ‘ಎಸ್‌ಡಿಎನ್ ಬಿಎಚ್‌ಡಿ’ ಎನ್ನುವ ವಿಚಿತ್ರ ಅಕ್ಷರಗಳನ್ನು ಪಾಮ್ ಎಣ್ಣೆಯ, ರಬ್ಬರ್ ಕೈಗವಸಿನ ಡಬ್ಬಿಗಳ ಮೇಲೆ ನೀವು ನೋಡಿರುತ್ತೀರಿ. ಇಂಡೊನೇಷ್ಯದಲ್ಲಿ ಬಾಲಂಗೋಚಿ ತಲೆಗೆ ಬಂದು ಕೂತಿರುತ್ತದೆ. ಅಲ್ಲಿ ‘ಪಿಟಿ’ ಎಂಬ ಅಕ್ಷರಗಳನ್ನು ಹೆಸರಿನ ಮೊದಲೇ ಹಾಕುತ್ತಾರೆ.

ಇವೆಲ್ಲಕ್ಕೂ ಒಂದು ಸಾಮಾನ್ಯ ಸೂತ್ರ ಇದೆ. ಬಾಲಂಗೋಚಿಯ ಭಾಷೆ ಒಂದೇ ದೇಶದ ಕಾನೂನಿನ ಭಾಷೆಯಾಗಿದ್ದರೆ ಅದು ದೇಶವನ್ನು ಹೇಳುತ್ತದೆ. ಆ ಭಾಷೆಯನ್ನು ಹಲವು ದೇಶಗಳು ಹಂಚಿಕೊಂಡಿದ್ದರೆ ಅದು ಭಾಷೆಯನ್ನು ಮಾತ್ರ ಹೇಳುತ್ತದೆ. ಫಿನ್‌ಲೆಂಡಿನಲ್ಲಿಯೂ ಸ್ವೀಡಿಷ್ ಅಧಿಕೃತ ಭಾಷೆ. ಆದ್ದರಿಂದ ಅಲ್ಲಿನ ಕೆಲವು ಕಂಪನಿಗಳು ‘ಓವೈ’, ‘ಎಬಿ’ ಎರಡನ್ನೂ ಇಟ್ಟುಕೊಂಡಿವೆ. ‘ಎಬಿ’ ಒಂದೇ ಇದ್ದರೆ ಸ್ವೀಡನ್ ಎಂದು ಊಹಿಸುವುದು ಬಹುಪಾಲು ಸರಿಯಾಗುತ್ತದೆ, ಆದರೆ ‘ಓವೈ’ಯಷ್ಟು ಖಾತ್ರಿ ಇಲ್ಲ.

ಇನ್ನು ಎಜಿ, ಅಂದರೆ ‘ಆಕ್ಟಿಯೆನ್‌ಗೆಸೆಲ್‌ಶಾಫ್ಟ್’. ಎಜಿ ಕಂಡರೆ ಜರ್ಮನಿ ಎನ್ನುವವರು ನಿಮ್ಮ ಮಗ ಒಬ್ಬರೇ ಅಲ್ಲ. ಆದರೆ ಜರ್ಮನ್ ಭಾಷೆಯಲ್ಲಿ ಕಂಪನಿ ಕಾಯ್ದೆ ಇರುವ ದೇಶ ಜರ್ಮನಿ ಒಂದೇ ಅಲ್ಲ. ಆಸ್ಟ್ರಿಯ, ಸ್ವಿಟ್ಜರ್‌ಲೆಂಡ್, ಪುಟ್ಟ ಲಿಕ್ಟೆನ್‌ಸ್ಟೈನ್ ಕೂಡ ಇವೆ. ಔಷಧದ ನೊವಾರ್ಟಿಸ್ ಎಜಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನದು. ಉಕ್ಕಿನ ಫೋಸ್ಟ್ಆಲ್ಪೀನ್ ಎಜಿ ಆಸ್ಟ್ರಿಯದ ಲಿನ್ಜ್ ಊರಿನದು. ಬಿಎಂಡಬ್ಲ್ಯು ಎಜಿ ಜರ್ಮನಿಯ ಮ್ಯೂನಿಕ್‌ನದು. ಮೂರಕ್ಕೂ ಅದೇ ಎರಡು ಅಕ್ಷರ, ಕಾಯ್ದೆ ಮಾತ್ರ ಮೂರು.

ಎಬಿಬಿಯಲ್ಲಿ ಈ ಗೊಂದಲ ಇನ್ನೂ ಆಳಕ್ಕೆ ಹೋಗುತ್ತದೆ. ಈ ಕಂಪನಿ 1988ರಲ್ಲಿ ಎರಡು ಹಳೆಯ ಕಂಪನಿಗಳು ಕೂಡಿ ಆದದ್ದು. ಒಂದು ಸ್ವೀಡನ್ನಿನ ಆಸೆಯಾ, ಇನ್ನೊಂದು ಸ್ವಿಟ್ಜರ್‌ಲೆಂಡಿನ ಬಾಡೆನ್ ಊರಿನ ಬ್ರೌನ್ ಬೋವೆರಿ. ಇವತ್ತು ಇಡೀ ಕುಟುಂಬದ ಮಾತೃಸಂಸ್ಥೆ ಇರುವುದು ಜ್ಯೂರಿಕ್‌ನಲ್ಲಿ. ಷೇರುಪೇಟೆಯಲ್ಲಿ, ವಾರ್ಷಿಕ ವರದಿಯಲ್ಲಿ ಅದು ತನ್ನನ್ನು ಕರೆದುಕೊಳ್ಳುವುದು ‘ಎಬಿಬಿ ಲಿಮಿಟೆಡ್’ ಎಂದು! ಸ್ವಿಟ್ಜರ್‌ಲೆಂಡಿನಲ್ಲಿ ಒಂದಕ್ಕಿಂತ ಹೆಚ್ಚು ಅಧಿಕೃತ ಭಾಷೆಗಳಿವೆ. ಅಲ್ಲಿನ ಕಂಪನಿ ತನ್ನ ಹೆಸರನ್ನು ಬೇರೆ ಬೇರೆ ಭಾಷೆಯ ರೂಪದಲ್ಲಿ ನೋಂದಾಯಿಸಿಕೊಳ್ಳಬಹುದು, ಇಂಗ್ಲಿಷ್ ರೂಪವನ್ನೂ ಸೇರಿಸಿಕೊಳ್ಳಬಹುದು. ಜ್ಯೂರಿಕ್ ಕಂಪನಿಯ ನಿಯಮಾವಳಿಯ ಮೊದಲ ಕಲಮಿನಲ್ಲೇ ಎಬಿಬಿ ಲಿಮಿಟೆಡ್, ಎಬಿಬಿ ಎಜಿ, ಎಬಿಬಿ ಎಸ್ಎ ಎಂದು ಮೂರು ಹೆಸರುಗಳಿವೆ. ಮೂರೂ ಒಂದೇ ಕಂಪನಿ. ನೆಸ್ಲೆಯೂ ಹೀಗೆಯೇ. ನಮಗೆಲ್ಲ ಗೊತ್ತಿರುವುದು ಅದರ ಫ್ರೆಂಚ್ ರೂಪವಾದ ನೆಸ್ಲೆ ಎಸ್ಎ.

ಇಷ್ಟಾಗಿ ‘ಎಬಿಬಿ ಎಜಿ’ ಎಂಬ ಹೆಸರಿನಲ್ಲೇ ಜರ್ಮನಿಯ ಮಾನ್‌ಹೈಮ್ ಊರಿನಲ್ಲಿ ಇನ್ನೊಂದು ಕಂಪನಿ ಇದೆ. ಅದು ಜ್ಯೂರಿಕ್ ಕಂಪನಿಯ ಜರ್ಮನ್ ಅಂಗಸಂಸ್ಥೆ. ನಿಮ್ಮ ಕ್ಯಾಟಲಾಗಿನಲ್ಲಿ ಕಂಡದ್ದು ಬಹುಶಃ ಇದೇ. ಹೀಗೆ ಒಂದೇ ಕುಟುಂಬದೊಳಗೆ ‘ಲಿಮಿಟೆಡ್’ ಎಂದು ಬರೆದುಕೊಂಡದ್ದು ಇಂಗ್ಲೆಂಡಿನದಲ್ಲ, ಸ್ವಿಸ್. ‘ಎಜಿ’ ಎಂದು ಬರೆದದ್ದು ಜರ್ಮನಿಯದೋ ಸ್ವಿಟ್ಜರ್‌ಲೆಂಡಿನದೋ ಎಂದು ಹೆಸರು ಮಾತ್ರ ನೋಡಿ ಹೇಳುವಂತಿಲ್ಲ.

ಹಾಗಾದರೆ ಹೇಳುವುದು ಹೇಗೆ? ಹೆಸರಿನಿಂದ ಕಣ್ಣು ತೆಗೆದು ಲೆಟರ್‌ಹೆಡ್ಡಿನ ಕೆಳಗಿನ ಸಣ್ಣ ಅಕ್ಷರಕ್ಕೆ ಹೋಗಬೇಕು. ಜರ್ಮನಿಯ ಕಾನೂನಿನಂತೆ ಅಲ್ಲಿನ ಎಜಿ ಕಂಪನಿಗಳು ಮತ್ತು ‘ಜಿಎಂಬಿಎಚ್’ ಎಂಬ ಬಾಲಂಗೋಚಿಯ ಸೀಮಿತ ಹೊಣೆಯ ಕಂಪನಿಗಳು ತಮ್ಮ ವ್ಯವಹಾರದ ಪತ್ರಗಳಲ್ಲಿ ನೋಂದಾಯಿತ ಊರು, ನೋಂದಣಿ ಮಾಡಿದ ನ್ಯಾಯಾಲಯ ಮತ್ತು ನೋಂದಣಿ ಸಂಖ್ಯೆಯನ್ನು ಮುದ್ರಿಸಲೇಬೇಕು. ಜರ್ಮನಿಯಲ್ಲಿ ಕಂಪನಿಗಳ ರಿಜಿಸ್ಟರ್ ಇಟ್ಟುಕೊಳ್ಳುವುದು ಕೆಳ ನ್ಯಾಯಾಲಯಗಳು. ಆದ್ದರಿಂದ ‘ಆಮ್‌ಟ್ಸ್‌ಗೆರಿಕ್ಟ್’ ಎಂಬ ಪದ, ಒಂದು ಊರಿನ ಹೆಸರು, ಆಮೇಲೆ `HRB` ಎಂಬ ಮೂರಕ್ಷರ ಮತ್ತು ಒಂದು ಸಂಖ್ಯೆ ಕಂಡರೆ ಅದು ಜರ್ಮನಿಯ ಕಂಪನಿಯೇ. ಆಸ್ಟ್ರಿಯದಲ್ಲಿ ಆ ಜಾಗದಲ್ಲಿ `FN` ಎಂದು ಆರಂಭವಾಗಿ ಕೊನೆಗೊಂದು ಸಣ್ಣ ಅಕ್ಷರ ಇರುವ ಸಂಖ್ಯೆ ಇರುತ್ತದೆ. ಸ್ವಿಟ್ಜರ್‌ಲೆಂಡಿನಲ್ಲಿ `CHE-` ಎಂದು ಆರಂಭವಾಗಿ ಮೂರು ಮೂರರಂತೆ ಒಂಬತ್ತು ಅಂಕಿಗಳು ಬರುತ್ತವೆ. ಬಾಲಂಗೋಚಿ ಒಂದೇ ಆಗಿದ್ದರೂ ಈ ಮೂರು ಗುರುತು ಒಂದರೊಡನೊಂದು ಬೆರೆಯುವುದಿಲ್ಲ. ಜರ್ಮನ್ ಎಂದು ಹೇಳಿಕೊಂಡು ಬಂದ ಕೊಟೇಶನ್ನಿನಲ್ಲಿ ಜಿಎಂಬಿಎಚ್ ಎಂದು ದೊಡ್ಡದಾಗಿ ಇದ್ದು ಕೆಳಗೆ ಈ ಯಾವ ಸಂಖ್ಯೆಯೂ ಇಲ್ಲದಿದ್ದರೆ, ಮುಂಗಡ ಕಳಿಸುವ ಮೊದಲು ನಿಲ್ಲಿ ಎಂದು ನಾನು ಒತ್ತಿ ಹೇಳುತ್ತೇನೆ.

ಈ ಸಂಖ್ಯೆಗಳನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಸ್ವಿಸ್ ಕಂಪನಿಗಳಿಗೆ `zefix.ch`, ಜರ್ಮನ್ ಕಂಪನಿಗಳಿಗೆ `handelsregister.de`. ಎರಡನೆಯದರಲ್ಲಿ ದಾಖಲೆ ತೆರೆಯಲು ಮೊದಲು ಹಣ ಕಟ್ಟಬೇಕಿತ್ತು, 2022ರಿಂದ ಉಚಿತ. ಬ್ರಿಟನ್ನಿನ ಕಂಪನೀಸ್ ಹೌಸ್ ಕೂಡ ದಾಖಲೆಗಳನ್ನು ಉಚಿತವಾಗಿ ತೋರಿಸುತ್ತದೆ.

ಜರ್ಮನ್ ಕಂಪನಿಗಳ ವಿಷಯ ಬಂದಾಗ ಇನ್ನೊಂದು ಬಾಲಂಗೋಚಿಯ ಬಗ್ಗೆ ಹೇಳಲೇಬೇಕು. ಬೆಂಗಳೂರಿನಲ್ಲಿ ದೊಡ್ಡ ಕಚೇರಿ ಇರುವ ಸಾಫ್ಟ್‌ವೇರ್ ಕಂಪನಿ ಎಸ್ಎಪಿ ಮೊದಲು ಎಜಿ ಆಗಿತ್ತು, 2014ರಿಂದ ‘ಎಸ್ಇ’. ಇದು ಯುರೋಪಿಯನ್ ಒಕ್ಕೂಟವೇ ಮಾಡಿದ ಕಂಪನಿ ರೂಪ, 2004ರಿಂದ ಜಾರಿಯಲ್ಲಿದೆ. ಒಂದು ದೇಶದಿಂದ ಇನ್ನೊಂದಕ್ಕೆ ನೋಂದಣಿಯನ್ನು ಸಾಗಿಸಲು ಅನುಕೂಲವಾಗಲೆಂದೇ ಇದನ್ನು ರೂಪಿಸಿದರು. ಆದ್ದರಿಂದ ಎಸ್ಇ ಎಂಬ ಬಾಲಂಗೋಚಿ ದೇಶವನ್ನು ಹೇಳುವುದೇ ಇಲ್ಲ. ಎಸ್ಎಪಿ ಎಸ್ಇ ಜರ್ಮನಿಯದು, ವಿಮಾನದ ಏರ್‌ಬಸ್ ಎಸ್ಇ ನೆದರ್‌ಲೆಂಡ್ಸ್‌ನಲ್ಲಿ ನೋಂದಣಿಯಾದದ್ದು.

ಇನ್ನು ‘ಲಿಮಿಟೆಡ್’. ಇಂಗ್ಲಿಷ್ ಕಾನೂನು ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ಈ ಪದ ಹೋಯಿತು. ಭಾರತ, ಐರ್ಲೆಂಡ್, ಹಾಂಗ್‌ಕಾಂಗ್, ನೈಜೀರಿಯ, ಕೀನ್ಯ, ನ್ಯೂಜಿಲೆಂಡ್, ಬರ್ಮುಡಾ ಎಲ್ಲ ಕಡೆಯೂ ಇದೆ. ಕೆನಡದಲ್ಲೂ ಇದೆ. ಅಮೆರಿಕದ ಡೆಲಾವೇರ್ ರಾಜ್ಯದ ಕಾಯ್ದೆ ಕಂಪನಿಯ ಹೆಸರಿನಲ್ಲಿ ಯಾವ ಯಾವ ಪದ ಇರಬಹುದು ಎಂದು ಕೊಟ್ಟಿರುವ ಪಟ್ಟಿಯಲ್ಲಿ ‘ಇನ್‌ಕಾರ್ಪೊರೇಟೆಡ್’ ಜೊತೆಗೆ ‘ಲಿಮಿಟೆಡ್’ ಕೂಡ ಸೇರಿದೆ. ಆದ್ದರಿಂದ ಬರಿಯ ಲಿಮಿಟೆಡ್ ಕಂಡರೆ ಮುಂದೆ ಹುಡುಕಬೇಕು ಎಂದಷ್ಟೇ ಅರ್ಥ. ಅದರ ಪಕ್ಕದ ಪದ ಮಾತ್ರ ನೆರವಾಗುತ್ತದೆ. ‘ಪಿಟಿಇ ಲಿಮಿಟೆಡ್’ ಎಂದರೆ ಸಿಂಗಪುರ. ‘ಪಿಟಿವೈ’ ಎಂದರೆ ಆಸ್ಟ್ರೇಲಿಯ ಅಥವಾ ದಕ್ಷಿಣ ಆಫ್ರಿಕ ಮತ್ತು ಅದರ ನೆರೆಯ ದೇಶಗಳು. ದಕ್ಷಿಣ ಆಫ್ರಿಕದವರು ಆ ಮೂರು ಅಕ್ಷರವನ್ನು ಕಂಸದೊಳಗೆ ಹಾಕುತ್ತಾರೆ. ‘ಪ್ರೈವೇಟ್ ಲಿಮಿಟೆಡ್’ ಎಂದು ಕಂಸವಿಲ್ಲದೆ ಇದ್ದರೆ ಬಹುಪಾಲು ನಮ್ಮದು. ಪಾಕಿಸ್ತಾನ, ಶ್ರೀಲಂಕಾಗಳಲ್ಲಿ ‘ಪ್ರೈವೇಟ್’ ಕಂಸದೊಳಗಿರುತ್ತದೆ. ನಮ್ಮಲ್ಲಿ ಖಾಸಗಿ ಕಂಪನಿಗಳ ಹೆಸರಿಗೆ ‘ಪ್ರೈವೇಟ್’ ಕಡ್ಡಾಯವಾದದ್ದು 1956ರ ಕಂಪನಿ ಕಾಯ್ದೆಯಿಂದ.

ಲಿಮಿಟೆಡ್ ಮತ್ತು ಪಿಎಲ್‌ಸಿ ಎಷ್ಟು ದೂರ ಕರೆದೊಯ್ಯಬಲ್ಲವು ಎಂಬುದಕ್ಕೆ ಆಕ್ಸೆಂಚರ್ ನೋಡಿ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಲ್ಲಿ ಕೆಲಸ ಮಾಡುವವರಿದ್ದಾರೆ. ಎಲ್ಲರೂ ಅದನ್ನು ಅಮೆರಿಕನ್ ಕಂಪನಿ ಎನ್ನುತ್ತಾರೆ. 2009ರವರೆಗೆ ಅದರ ಮಾತೃಸಂಸ್ಥೆ ಆಕ್ಸೆಂಚರ್ ಲಿಮಿಟೆಡ್, ನೋಂದಣಿ ಬರ್ಮುಡಾ ದ್ವೀಪದಲ್ಲಿ. ಆ ವರ್ಷದಿಂದ ಆಕ್ಸೆಂಚರ್ ಪಿಎಲ್‌ಸಿ, ನೋಂದಣಿ ಐರ್ಲೆಂಡಿನಲ್ಲಿ. ಪಿಎಲ್‌ಸಿ ಎಂದರೆ ಬ್ರಿಟನ್ ಎಂದುಕೊಂಡವರು ಇಲ್ಲಿ ಎಡವುತ್ತಾರೆ. ಐರ್ಲೆಂಡ್, ಶ್ರೀಲಂಕಾ, ನೈಜೀರಿಯಗಳ ಸಾರ್ವಜನಿಕ ಕಂಪನಿಗಳೂ ಪಿಎಲ್‌ಸಿಗಳೇ. ಇಲ್ಲಿನ ನೌಕರರಿಗೆ ಸಂಬಳ ಕೊಡುವುದು ಮಾತ್ರ ‘ಪ್ರೈವೇಟ್ ಲಿಮಿಟೆಡ್’ ಎಂದು ಮುಗಿಯುವ ಭಾರತೀಯ ಕಂಪನಿ. ಸಂಬಳದ ತಕರಾರು ಬಂದರೆ ಎದುರಾಳಿ ಯಾರು ಎಂದು ತೀರ್ಮಾನಿಸುವಾಗ ನೇಮಕಾತಿ ಪತ್ರದ ಮೇಲಿನ ಈ ಪೂರ್ತಿ ಹೆಸರು ಬೇಕಾಗುತ್ತದೆ, ಬೋರ್ಡಿನ ಮೇಲಿನ ಬ್ರ್ಯಾಂಡ್ ಹೆಸರು ಸಾಲುವುದಿಲ್ಲ.

‘ಇನ್‌ಕಾರ್ಪೊರೇಟೆಡ್’, ಅದರ ಚುಟುಕು ‘ಇಂಕ್’, ನಿಜಕ್ಕೂ ಹೆಚ್ಚಾಗಿ ಅಮೆರಿಕದ್ದೇ. ಅಮೆರಿಕದ ಎಬಿಬಿಯೂ ಎಬಿಬಿ ಇಂಕ್. ಆದರೆ ಕೆನಡ, ಫಿಲಿಪೀನ್ಸ್‌ಗಳಲ್ಲೂ ಇದು ಕಾನೂನುಬದ್ಧ ಬಾಲಂಗೋಚಿ. ಇದಕ್ಕಿಂತ ಮುಖ್ಯವಾದ ಮಾತು ಜಪಾನಿನದು. ಟೊಯೋಟಾ ಮೋಟರ್ ಕಾರ್ಪೊರೇಷನ್, ಹೋಂಡಾ ಮೋಟರ್ ಕಂಪನಿ ಲಿಮಿಟೆಡ್, ಕ್ಯಾನನ್ ಇಂಕ್ ಈ ಮೂರನ್ನೂ ಸಾಲಾಗಿ ಓದಿದರೆ ಮೂರು ಬಗೆಯ ಕಂಪನಿ ಅನಿಸುತ್ತದೆ. ಜಪಾನಿ ಭಾಷೆಯಲ್ಲಿ ಮೂರೂ ‘ಕಬುಶಿಕಿ ಗೈಶಾ’, ಒಂದೇ ಕಾಯ್ದೆಯ ಒಂದೇ ರೂಪ. ಇಂಗ್ಲಿಷಿನಲ್ಲಿ ಯಾವ ಪದ ಹಾಕಿಕೊಳ್ಳಬೇಕು ಎಂಬುದನ್ನು ಪ್ರತಿ ಕಂಪನಿ ತನಗೆ ತೋಚಿದಂತೆ ಆರಿಸಿಕೊಂಡಿದೆ. ಅಂದರೆ ತನ್ನದಲ್ಲದ ಭಾಷೆಯಲ್ಲಿ ಬರೆದ ಬಾಲಂಗೋಚಿ ಅನುವಾದ ಮಾತ್ರ, ಅದಕ್ಕೆ ಅಲ್ಲಿನ ಕಾನೂನಿನ ತೂಕ ಇಲ್ಲ. ಚೀನ, ಕೊರಿಯ, ಥಾಯ್ಲೆಂಡ್‌ಗಳಿಗೂ ಇದೇ ಮಾತು. ಆದರೆ ಅಲ್ಲೊಂದು ಸಣ್ಣ ಗುರುತು ಉಳಿದಿದೆ. ‘ಕಂಪನಿ’ ಎಂಬ ಪದದ ಚುಟುಕು ರೂಪ, ಅಲ್ಪವಿರಾಮ, ಆಮೇಲೆ ‘ಲಿಮಿಟೆಡ್’ ಎಂದು ಬರೆಯುವುದು ಪೂರ್ವ ಏಷ್ಯದ ರೂಢಿ. ಬಿಡಿಭಾಗದ ಪೆಟ್ಟಿಗೆಯ ಮೇಲೆ ಆ ಅಲ್ಪವಿರಾಮ ಕಂಡರೆ ಚೀನ, ಜಪಾನ್, ಕೊರಿಯ, ತೈವಾನ್ ಕಡೆ ಮೊದಲು ಹುಡುಕಿ. ಬಿಡದಿಯಲ್ಲಿ ಕಾರು ಮಾಡುವ ಟೊಯೋಟಾ ಕಿರ್ಲೋಸ್ಕರ್ ಮೋಟರ್ ಮಾತ್ರ ಪ್ರೈವೇಟ್ ಲಿಮಿಟೆಡ್, ಅದು ಹುಟ್ಟಿದ್ದು ನಮ್ಮ ಕಾಯ್ದೆಯಲ್ಲಿ.

ಒಂದೇ ಹೆಸರಿನಲ್ಲಿ ಎರಡು ಬಾಲಂಗೋಚಿ ಇರುವುದೂ ಉಂಟು. ಬಟ್ಟೆಯ ಎಚ್ ಅಂಡ್ ಎಂ ಮೂಲದಲ್ಲಿ ಸ್ವೀಡನ್ನಿನ ಎಬಿ. ಅದರ ಜರ್ಮನಿಯ ಅಂಗಡಿಗಳನ್ನು ನಡೆಸುವ ಸಂಸ್ಥೆಯ ಹೆಸರು ‘ಬಿವಿ ಅಂಡ್ ಕೊ ಕೆಜಿ’ ಎಂದು ಮುಗಿಯುತ್ತದೆ. ಬಿವಿ ಎನ್ನುವುದು ಡಚ್ ಖಾಸಗಿ ಕಂಪನಿ. ಕೆಜಿ ಎನ್ನುವುದು ಜರ್ಮನ್ ಪಾಲುದಾರಿಕೆಯ ಒಂದು ಬಗೆ, ಅದರಲ್ಲಿ ಯಾರಾದರೊಬ್ಬರು ಪೂರ್ತಿ ಹೊಣೆ ಹೊರಬೇಕು. ಹೊಣೆ ಹೊರುವ ಆ ಪಾಲುದಾರನ ಜಾಗದಲ್ಲಿ ಮನುಷ್ಯನ ಬದಲು ಒಂದು ಸೀಮಿತ ಹೊಣೆಯ ಕಂಪನಿಯನ್ನು ನಿಲ್ಲಿಸಿದ್ದಾರೆ. ಸಾಲ ಕೊಡುವವನಿಗೆ ಅದು ಗೊತ್ತಾಗಬೇಕೆಂದು ಪಾಲುದಾರ ಕಂಪನಿಯ ಬಾಲಂಗೋಚಿಯನ್ನೂ ಹೆಸರಿನಲ್ಲಿ ಉಳಿಸಿಕೊಳ್ಳಬೇಕು. ಇಂಥ ಹೆಸರು ಕಂಡಾಗ ಕಟ್ಟಕಡೆಯದನ್ನು ಓದಿ. ಸಂಸ್ಥೆ ಯಾವ ದೇಶದ್ದೆಂದು ಹೇಳುವುದು ಅದು. ಮಧ್ಯದ್ದು ಅದರ ಪಾಲುದಾರನ ದೇಶ.

ಕರಾವಳಿಯ ಓದುಗರಿಗಾಗಿ ಒಂದು ಮಾತು ಸೇರಿಸುತ್ತೇನೆ. ಕೊಲ್ಲಿಯ ಕೆಲಸದ ಪತ್ರಗಳಲ್ಲಿ ಬರುವ ‘ಡಬ್ಲ್ಯುಎಲ್ಎಲ್’ ಸಾಮಾನ್ಯವಾಗಿ ಬಹರೇನ್, ಕತಾರ್, ಕುವೈತ್‌ಗಳದು. ದುಬೈ, ಒಮಾನ್ ಕಡೆ ಅದೇ ಬಗೆಯ ಕಂಪನಿ ‘ಎಲ್ಎಲ್‌ಸಿ’ ಆಗುತ್ತದೆ. ಎಲ್ಎಲ್‌ಸಿ ಅಮೆರಿಕದಲ್ಲೂ ಇದೆ, ಅದನ್ನು ಮೊದಲು ತಂದದ್ದೇ 1977ರಲ್ಲಿ ಅಲ್ಲಿನ ವಯೋಮಿಂಗ್ ರಾಜ್ಯ. ಆದ್ದರಿಂದ ಪತ್ರದಲ್ಲಿ ಎಲ್ಎಲ್‌ಸಿ ಎಂದಿದ್ದರೆ ಟ್ರೇಡ್ ಲೈಸೆನ್ಸ್ ಸಂಖ್ಯೆ ಕೇಳಿ.

ಕೊನೆಗೆ ನಿಮ್ಮ ಬಿಲ್ಲಿನ ಮೇಲಿನ ‘ಎಬಿಬಿ ಇಂಡಿಯಾ ಲಿಮಿಟೆಡ್’. ನಮ್ಮ ದೇಶದ ಕಂಪನಿಗಳ ವಿಷಯದಲ್ಲಿ ಬಾಲಂಗೋಚಿಗಿಂತ ನೂರು ಪಾಲು ಹೆಚ್ಚು ಹೇಳುವುದು ಕಂಪನಿ ಗುರುತಿನ ಸಂಖ್ಯೆ, ಎಲ್ಲರ ಬಾಯಲ್ಲಿ ‘ಸಿಐಎನ್’. 2013ರ ಕಂಪನಿ ಕಾಯ್ದೆಯಂತೆ ಇದನ್ನು ಬಿಲ್ಲು, ಲೆಟರ್‌ಹೆಡ್ಡುಗಳ ಮೇಲೆ ಹಾಕಲೇಬೇಕು. ಎಬಿಬಿ ಇಂಡಿಯಾದ್ದು ಹೀಗಿದೆ:

```
L32202KA1949PLC032923
```

ಒಟ್ಟು 21 ಅಕ್ಷರ, ಅಂಕಿ. ಮೊದಲ ಅಕ್ಷರ ಕಂಪನಿ ಷೇರುಪೇಟೆಯಲ್ಲಿ ಇದೆ ಎನ್ನುತ್ತದೆ. ಇಲ್ಲದಿದ್ದರೆ ಆ ಜಾಗದಲ್ಲಿ `U` ಇರುತ್ತಿತ್ತು. ನಂತರದ ಐದು ಅಂಕಿ ಉದ್ಯಮದ ಬಗೆ. `KA` ಎಂದರೆ ನೋಂದಾಯಿತ ಕಚೇರಿ ಕರ್ನಾಟಕದಲ್ಲಿದೆ. 1949 ಕಂಪನಿ ಹುಟ್ಟಿದ ವರ್ಷ. `PLC` ಎಂದರೆ ಇಲ್ಲಿ ಬ್ರಿಟಿಷ್ ಬಾಲಂಗೋಚಿ ಅಲ್ಲ, ಸಾರ್ವಜನಿಕ ಕಂಪನಿ ಎಂದಷ್ಟೇ. ಖಾಸಗಿಯಾದರೆ `PTC`. ಕೊನೆಯ ಆರು ಅಂಕಿ ನೋಂದಣಿ ಸಂಖ್ಯೆ. ಎಬಿಬಿ ಹುಟ್ಟಿದ್ದೇ 1988ರಲ್ಲಿ ಎಂದ ಮೇಲೆ ಇಲ್ಲಿ 1949 ಹೇಗೆ ಬಂತು ಎಂದು ನೀವು ಕೇಳಬಹುದು. ಈ ಕಂಪನಿ ಹುಟ್ಟಿದಾಗ ಅದರ ಹೆಸರು ಹಿಂದೂಸ್ತಾನ್ ಎಲೆಕ್ಟ್ರಿಕ್ ಕಂಪನಿ. ಮುಂದೆ ಹಿಂದೂಸ್ತಾನ್ ಬ್ರೌನ್ ಬೋವೆರಿ ಆಯಿತು, ಆಮೇಲೆ ಆಸೆಯಾ ಬ್ರೌನ್ ಬೋವೆರಿ, 2003ರಿಂದ ಎಬಿಬಿ ಲಿಮಿಟೆಡ್, 2013ರಿಂದ ಎಬಿಬಿ ಇಂಡಿಯಾ ಲಿಮಿಟೆಡ್. ಹೆಸರು ಇಷ್ಟು ಸಲ ಬದಲಾದರೂ ಹುಟ್ಟಿದ ವರ್ಷ ಬದಲಾಗಿಲ್ಲ. ಇದರಿಂದ ನಿಮ್ಮ ಅಂಗಡಿಗೆ ಉಪಯೋಗವಾಗುವ ಒಂದು ಸೂಕ್ಷ್ಮ ಸಿಗುತ್ತದೆ. 2003ರಿಂದ 2013ರ ನಡುವಿನ ಹಳೆಯ ಮೋಟರಿನ ಮೇಲೆ ಬರಿಯ ‘ಎಬಿಬಿ ಲಿಮಿಟೆಡ್’ ಎಂದಿದ್ದರೆ ಅದು ಜ್ಯೂರಿಕ್‌ನ ಮಾತೃಸಂಸ್ಥೆ ಎಂದು ತಿಳಿಯಬೇಡಿ, ಇಲ್ಲಿನ ಕಂಪನಿಯ ಆಗಿನ ಹೆಸರೂ ಅದೇ.

ಎಬಿಬಿ ಇಂಡಿಯಾದ ಷೇರುಗಳಲ್ಲಿ ಶೇಕಡಾ 75 ಜ್ಯೂರಿಕ್ ಕುಟುಂಬದ ಕೈಯಲ್ಲಿದೆ. ಆದರೂ ಅದು ಭಾರತೀಯ ಕಂಪನಿ. ನಮ್ಮ ಕಾಯ್ದೆ, ನಮ್ಮ ನ್ಯಾಯಾಲಯ, ನಮ್ಮ ತೆರಿಗೆ ಅದಕ್ಕೆ ಅನ್ವಯ. ಮಾಲೀಕತ್ವ ತಿಳಿಯಬೇಕೆಂದರೆ ವಾರ್ಷಿಕ ವರದಿಯ ಷೇರುದಾರರ ಪಟ್ಟಿ ನೋಡಬೇಕು, ಹೆಸರಿನಲ್ಲಿ ಅದು ಸಿಗುವುದಿಲ್ಲ. ಸರಕು ಎಲ್ಲಿ ತಯಾರಾಯಿತು ಎಂಬುದೂ ಹೆಸರಿನಲ್ಲಿಲ್ಲ. ಆಮದಾದ ಪೊಟ್ಟಣದ ಸರಕುಗಳ ಮೇಲೆ ತಯಾರಾದ ದೇಶವನ್ನು ಬೇರೆಯಾಗಿ ನಮೂದಿಸಬೇಕು ಎಂದು ನಮ್ಮ ತೂಕ ಅಳತೆಯ ನಿಯಮಗಳೇ ಹೇಳುತ್ತವೆ. ಆ ಸಾಲನ್ನೇ ಓದಿ.

ವಿದೇಶಿ ಕಂಪನಿಯೊಂದು ಇಲ್ಲಿ ಹೊಸ ಕಂಪನಿ ಹುಟ್ಟಿಸದೆ ನೇರವಾಗಿ ಶಾಖೆ ತೆರೆದರೆ ಬಾಲಂಗೋಚಿ ಮೂಲದ್ದೇ ಉಳಿಯುತ್ತದೆ. ಆಗ ದೇಶವನ್ನು ಊಹಿಸುವ ಕಷ್ಟವನ್ನು ಕಾನೂನು ನಮಗೆ ಬಿಟ್ಟಿಲ್ಲ. 2013ರ ಕಾಯ್ದೆಯ 382ನೇ ಕಲಮಿನಂತೆ ಅಂಥ ಕಂಪನಿ ತನ್ನ ಹೆಸರನ್ನೂ ತಾನು ಹುಟ್ಟಿದ ದೇಶವನ್ನೂ ಕಚೇರಿಯ ಹೊರಗೆ ಎದ್ದು ಕಾಣುವಂತೆ ಬರೆಯಬೇಕು. ಇಂಗ್ಲಿಷಿನಲ್ಲಿ ಮಾತ್ರವಲ್ಲ, ಆ ಸ್ಥಳದಲ್ಲಿ ಬಳಕೆಯಲ್ಲಿರುವ ಭಾಷೆಯ ಲಿಪಿಯಲ್ಲೂ ಬರೆಯಬೇಕು. ಕರ್ನಾಟಕದಲ್ಲಿ ಅದು ಕನ್ನಡ. ಈ ಕಲಮು ಹೆಚ್ಚು ಜನಕ್ಕೆ ಗೊತ್ತಿಲ್ಲ, ಗೊತ್ತಿರಬೇಕು.

ಇನ್ನು ಬಾಲಂಗೋಚಿ ಸುಳ್ಳೇ ಆಗಿದ್ದರೆ? ನೋಂದಣಿ ಆಗದೆ ‘ಲಿಮಿಟೆಡ್’, ‘ಪ್ರೈವೇಟ್ ಲಿಮಿಟೆಡ್’ ಎಂದು ಹಾಕಿಕೊಂಡು ವ್ಯವಹಾರ ಮಾಡಿದವರಿಗೆ ಅದೇ ಕಾಯ್ದೆಯ 453ನೇ ಕಲಮು ದಿನಕ್ಕೆ 500ರಿಂದ 2000 ರೂಪಾಯಿವರೆಗೆ ದಂಡ ಹಾಕುತ್ತದೆ. ಆದರೆ ಬೋರ್ಡು ಬರೆಸುವವನನ್ನು ಮೊದಲೇ ತಡೆಯಲು ಯಾರೂ ಇರುವುದಿಲ್ಲ. ಆದ್ದರಿಂದ ನಿಮಗೂ ನಿಮ್ಮ ಮಗನಿಗೂ ನನ್ನ ಸಲಹೆ ಇಷ್ಟು: ಬಾಲಂಗೋಚಿಯಿಂದ ಊಹೆ ಮಾಡಿ, ನೋಂದಣಿ ಸಂಖ್ಯೆಯಿಂದ ಖಚಿತ ಮಾಡಿಕೊಳ್ಳಿ. ಭಾರತೀಯ ಕಂಪನಿಯಾದರೆ ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ `mca.gov.in` ತಾಣದಲ್ಲಿ ಹೆಸರನ್ನೋ ಸಿಐಎನ್ ಅನ್ನೋ ಹಾಕಿ ಹುಡುಕಿದರೆ ಕಂಪನಿ ಇದೆಯೋ ಇಲ್ಲವೋ, ಇದ್ದರೆ ಚಾಲ್ತಿಯಲ್ಲಿದೆಯೋ ಮುಚ್ಚಿದೆಯೋ ಎಂಬುದು ಅಲ್ಲೇ ತಿಳಿಯುತ್ತದೆ.